ಕಣಿವೆಯಲ್ಲಿ ಮುಳುಗಿದ ‘ಅ’

ಮೊನ್ನೆ ರಾತ್ರಿ ಕಾರವಾರದಿಂದ ಅಕ್ಕನ ಮಗಳು ಒಂದು ಲೆಕ್ಕದ ಫೋಟೊ ಕಳಿಸಿದಳು. ‘ಮಾಮಾ, ಇದು ಬರ್ತಾನೇ ಇಲ್ಲ.’ ಅಂಕೋಲೆಯಲ್ಲಿ ಊಟ ಮುಗಿಸಿ ಕೂತಿದ್ದ ನಾನು ಓದಿದೆ: 3 + 2√5 ಒಂದು ಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ. ಹತ್ತನೇ ತರಗತಿಯ ಲೆಕ್ಕ. ಕಾಗದ ತೆಗೆದು ಬಿಡಿಸಿದೆ. ಅದು p/q ಎಂದು ಇಟ್ಟುಕೊಂಡರೆ √5 = (p − 3q)/2q ಆಗುತ್ತದೆ. ಬಲಬದಿ ಭಾಗಲಬ್ಧ, √5 ಅಲ್ಲ. ಅಂದರೆ ಸಾಧಿಸಬೇಕಾದ ಮಾತೇ ಸುಳ್ಳು!

ಫೋಟೊ ಹಿಗ್ಗಿಸಿ ನೋಡಿದೆ. ಬಲಗಡೆಯ ಪುಟ, ಸಾಲುಗಳೆಲ್ಲ ಹೊಲಿಗೆಯ ಬುಡದಿಂದಲೇ ಶುರು. ಅಲ್ಲಿ ಪುಟ ಬಾಗಿ ಕಣಿವೆಗಿಳಿದು ನೆರಳಲ್ಲಿ ಅಡಗಿತ್ತು. ಮೇಲಿನ ಸಾಲಿನಲ್ಲಿದ್ದದ್ದು ‘ಳಗಿನ’. ‘ಕೆ’ಯನ್ನು ನನ್ನ ಕಣ್ಣೇ ಸೇರಿಸಿಕೊಂಡಿತ್ತು. ಅರ್ಧ ಪದ ಕಂಡರೆ ನಾವು ತುಂಬಿಕೊಳ್ಳುತ್ತೇವೆ. ಆದರೆ ‘ಅಭಾಗಲಬ್ಧ’ದ ‘ಅ’ ಹೋದರೆ ಉಳಿಯುವುದೂ ಪೂರ್ತಿ ಪದವೇ, ಅರ್ಥ ಮಾತ್ರ ತಿರುಗುಮುರುಗು. ಸಾಲಿನ ಮೊದಲಿಗಿರುವ ಋಣಚಿಹ್ನೆಯದೂ ಇದೇ ಕಥೆ: −6 ಹೋಗಿ 6 ಆದರೆ ಯಾರಿಗೂ ಅನುಮಾನ ಬರುವುದಿಲ್ಲ.

ಫೋಟೊದ ಬೆಳಕು ಹೆಚ್ಚಿಸಿದೆ. ನೆರಳು ತಿಳಿಯಾಯಿತು, ಅಕ್ಷರ ಮಾತ್ರ ಒಂದು ಗೀರಿನಷ್ಟೇ ಕಂಡಿತು. ಅಲ್ಲಿ ಆದದ್ದು ಎರಡು ಬೇರೆ ಬೇರೆ ತೊಂದರೆ. ಪುಟ 60 ಡಿಗ್ರಿ ಓರೆಯಾದರೆ ನೇರ ಮೇಲಿನಿಂದ ನೋಡುವ ಕ್ಯಾಮೆರಾಗೆ ಅಕ್ಷರದ ಅಗಲ ಅರ್ಧ. 75 ಡಿಗ್ರಿಯಾದರೆ ಸುಮಾರು ಕಾಲು ಭಾಗ. ಎತ್ತರ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸಾಲಿನ ಮೊದಲ ಅಕ್ಷರಗಳು ಉದ್ದವಾಗಿ, ಸಪೂರವಾಗಿ ಕಂಡರೆ ಪುಟ ಬಾಗಿದೆ ಎಂದೇ ಲೆಕ್ಕ. ನೆರಳನ್ನು ಆಮೇಲೆ ತೆಗೆಯಬಹುದು, ಕ್ಯಾಮೆರಾಗೆ ಸಿಗದ ಅಕ್ಷರವನ್ನು ತರಲಾಗದು. ನಾಲ್ಕು ಮೂಲೆ ಹಿಡಿದು ನೇರ ಮಾಡುವ ಸೌಲಭ್ಯವೂ ಇಲ್ಲಿ ಅಷ್ಟಕ್ಕಷ್ಟೆ. ಅದು ಚಪ್ಪಟೆ ಹಾಳೆಯ ಓರೆಯನ್ನು ಸರಿಪಡಿಸುತ್ತದೆ, ಬಾಗನ್ನಲ್ಲ. ಕಪ್ಪು-ಬಿಳುಪು ಮಾಡಿದರಂತೂ ಕೆಲವೊಮ್ಮೆ ನೆರಳೇ ಮಸಿಯಾಗಿ ಅಕ್ಷರವನ್ನು ನುಂಗುತ್ತದೆ.

ಫೋನ್ ಮಾಡಿ ಕೇಳಿದೆ, ಟ್ಯೂಬ್‌ಲೈಟ್ ಅವಳ ಬಲಗಡೆ ಗೋಡೆಯಲ್ಲಿತ್ತು. ಬಲಪುಟದ ಉಬ್ಬೇ ಬೆಳಕಿಗೆ ಅಡ್ಡ ನಿಂತಿತ್ತು. ‘ಪುಸ್ತಕದ ತಲೆ ಲೈಟಿನ ಕಡೆ ತಿರುಗಿಸು ಮಗಾ, ಬೆಳಕು ಕಣಿವೆಯುದ್ದಕ್ಕೂ ಹರಿಯಲಿ. ಎಡಗಡೆ ಹಾಳೆಗಳನ್ನು ಗೋಡೆ ಹಾಗೆ ನೆಟ್ಟಗೆ ಹಿಡಿ, ಬಲಗಡೆಯದು ಮೇಜಿಗೆ ಅಂಟಿರಲಿ’ ಎಂದೆ. ಎರಡೂ ಪುಟ ಒಟ್ಟಿಗೆ ಒತ್ತಿ ಚಪ್ಪಟೆ ಮಾಡಹೊರಟರೆ ದಪ್ಪ ಪುಸ್ತಕದ ಬೆನ್ನು ಮುರಿಯುತ್ತದೆ, ಬಾಗು ಹೋಗುವುದಿಲ್ಲ. ಪಕ್ಕಕ್ಕೆ ಪಿನ್ ಹೊಡೆದ ಪ್ರಶ್ನೆಸಂಗ್ರಹಗಳಲ್ಲಿ ಈ ಉಪಾಯವೂ ಪೂರ್ತಿ ನಡೆಯದು. ಅಂಥ ಕಡೆ ಸಾಲಿನ ಮೊದಲ ಪದಗಳನ್ನು ಟೈಪ್ ಮಾಡಿ ಕಳಿಸುವುದೇ ಸಲೀಸು.

ಎರಡನೇ ಫೋಟೊದಲ್ಲಿ ‘ಅ’ ದುಂಡಗೆ ಕೂತಿತ್ತು. ನಾನು ಹೊಸದಾಗಿ ಏನೂ ಬರೆಯಬೇಕಾಗಿರಲಿಲ್ಲ. ಮೊದಲಿನ ಕಾಗದದಲ್ಲಿ ನಾನು ಸಿಕ್ಕಿಬಿದ್ದ ಆ ವಿರೋಧಾಭಾಸವೇ ಅವಳ ಪ್ರಶ್ನೆಗೆ ಉತ್ತರ. ಅದರದೇ ಫೋಟೊ ತೆಗೆದು ಕಳಿಸಿದೆ.