ಅನ್ನ ಬಿಟ್ಟು ರೊಟ್ಟಿ

ಸಕ್ಕರೆ ಕಾಯಿಲೆ ಇದ್ದವರಿಗೆ ಎಲ್ಲೆಡೆ ಸಿಗುವ ಸಲಹೆ ಒಂದೇ: ರಾತ್ರಿ ಅನ್ನ ಬಿಡಿ, ರೊಟ್ಟಿ ತಿನ್ನಿ. ಬಯಲುಸೀಮೆಯಲ್ಲಿ ಹಾಗೆಂದರೆ ಜೋಳದ ರೊಟ್ಟಿ. ಕೊಡಗಿನ ತಿತಿಮತಿಯ ಮನೆಗಳಲ್ಲಿ ರೊಟ್ಟಿಯೆಂದರೆ ಅಕ್ಕಿಹಿಟ್ಟಿಗೆ ಅನ್ನವನ್ನೇ ಸೇರಿಸಿ ನಾದಿ ಬೇಯಿಸಿದ್ದು. ಸಲಹೆ ಪಾಲಿಸಿದ ಸಮಾಧಾನವೊಂದು ಉಳಿಯುತ್ತದೆ, ಶುಗರ್ ಮಾತ್ರ ಇಳಿಯುವುದಿಲ್ಲ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಲ್ಲವೂ ಅಕ್ಕಿಯವೇ. ಕೊಡಗಿನ ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳುವವರು ಮಾತು ಶುರುಮಾಡಬೇಕಾದದ್ದು ಇಲ್ಲಿಂದ.

ಕಾಫಿ ತೋಟಕ್ಕೆ ಹೋಗುವ ಒಬ್ಬರ ದಿನವನ್ನೇ ನೋಡೋಣ. ಬೆಳಿಗ್ಗೆ ಬೆಲ್ಲದ ಕಾಫಿ, ಆಮೇಲೆ ಚಟ್ನಿಯ ಜೊತೆ ಮೂರು ರೊಟ್ಟಿ. ಮಧ್ಯಾಹ್ನ ತಟ್ಟೆ ತುಂಬ ಅನ್ನ, ಮೇಲೆ ಸಾರು. ರಾತ್ರಿ ಕರಿಯ ಜೊತೆ ಐದು ಕಡಂಬುಟ್ಟು. ನಡುನಡುವಿನ ಕಾಫಿಗಳೂ ಸೇರಿ ದಿನಕ್ಕೆ ನಾಲ್ಕು ಲೋಟ. ಲೋಟಕ್ಕೆ ಎರಡು ಚಮಚ ಬೆಲ್ಲವೆಂದರೂ ಎಂಟು ಚಮಚ, ಸುಮಾರು 40 ಗ್ರಾಂ. ಬೆಲ್ಲ ಸಕ್ಕರೆಯಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಶುಗರ್ ಏರಿಸುವುದರಲ್ಲಿ ಎರಡೂ ಒಂದೇ. ಮೊದಲು ಕೈ ಹಾಕಬೇಕಾದದ್ದು ಈ ಲೋಟಕ್ಕೆ.

ರಾತ್ರಿಯ ಕಡಂಬುಟ್ಟು ಬಿಡಬೇಕಾಗಿಲ್ಲ. ಐದರ ಜಾಗದಲ್ಲಿ ಎರಡು ಸಾಕು. ಆದರೆ ಬರೀ ಕಡಿಮೆ ಮಾಡಿದರೆ ಹಸಿವು ತಡೆಯದೆ ಹತ್ತು ಗಂಟೆಗೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತದೆ. ಹಾಗಾಗಿ ತಟ್ಟೆಯ ಅರ್ಧಭಾಗಕ್ಕೆ ಬೀನ್ಸ್ ಪಲ್ಯ, ಸೊಪ್ಪು, ಮಳೆಗಾಲದಲ್ಲಿ ಕಳಲೆ ಅಥವಾ ಅಣಬೆ ಬರಲಿ. ಕಾಲುಭಾಗಕ್ಕೆ ಮೀನು, ಮೊಟ್ಟೆ ಅಥವಾ ಕಾಳು. ಪಂದಿಕರಿ ತಿಂದು ಶುಗರ್ ಏರಿತೆನ್ನುವವರಿದ್ದಾರೆ. ಹೆಚ್ಚಿನ ಪಾಲು ಏರಿಸಿದ್ದು ಅದರ ಜೊತೆ ಲೆಕ್ಕವಿಲ್ಲದೆ ಇಳಿದ ಕಡಂಬುಟ್ಟು. ಕೊಬ್ಬು ಬೇರೆಯದೇ ತೊಂದರೆ, ಅದನ್ನು ಕತ್ತರಿಸಿ ತೆಗೆದು ಬೇಯಿಸಿದರೆ ಒಳ್ಳೆಯದು. ರಾಗಿಮುದ್ದೆಗೂ ಇದೇ ಅಳತೆ ಸಲ್ಲುತ್ತದೆ: ಚಿಕ್ಕ ಮುದ್ದೆ ಸರಿ, ಎರಡು ದೊಡ್ಡ ಮುದ್ದೆ ನುಂಗಿದರೆ ಅನ್ನ ಬಿಟ್ಟದ್ದಕ್ಕೆ ಅರ್ಥವಿಲ್ಲ.

ಈ ಮಾತುಗಳನ್ನೆಲ್ಲ ಬಡಿಸುವವರೂ ಕೇಳಬೇಕು. ರೋಗಿಗೆಂದು ಬೇರೆ ಪಾತ್ರೆ ಇಟ್ಟರೆ ನಾಲ್ಕು ದಿನ ನಡೆದೀತು. ಮನೆಮಂದಿಗೆಲ್ಲ ಪಲ್ಯ ಹೆಚ್ಚು ಮಾಡಿದರೆ ವರ್ಷಗಟ್ಟಲೆ ನಡೆಯುತ್ತದೆ. ಬದಲಾವಣೆ ಫಲಿಸಿತೋ ಇಲ್ಲವೋ ತಿಳಿಯಲು ಊಟ ಶುರುಮಾಡಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಬೇಕು. ಐದು ಕಡಂಬುಟ್ಟಿನ ರಾತ್ರಿಯ ಅಂಕಿಯನ್ನೂ ಎರಡರ ರಾತ್ರಿಯದನ್ನೂ ಪಕ್ಕಪಕ್ಕ ಬರೆದಿಟ್ಟರೆ ವಾದಕ್ಕೆ ಎಡೆಯಿಲ್ಲ.

ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರಿಗೆ ಹೇಳದೆ ಊಟ ಇಳಿಸಬಾರದು. ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟರೆ ಶುಗರ್ ತೀರಾ ಇಳಿದಿರಬಹುದು. ಆಗ ಎಚ್ಚರವಾಗಿದ್ದು ನುಂಗಲು ಸಾಧ್ಯವಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಯಲೇಬೇಕು. ಹದಿನೈದು ನಿಮಿಷಕ್ಕೂ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಬೇಕು.