ಇನ್ಶಾ ಅಲ್ಲಾಹ್, ನೋಡ್ತೇನೆ



ರಮಝಾನ್ ಬಂತೆಂದರೆ ಊರಿನಿಂದ ನಮ್ಮ ಮೊಬೈಲಿಗೆ ಬರುವ ಬೇಡಿಕೆಗಳೂ ಹೆಚ್ಚುತ್ತವೆ. ಅವುಗಳಿಗೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಇನ್ಶಾ ಅಲ್ಲಾಹ್, ನೋಡ್ತೇನೆ."

ಪುತ್ತೂರಿನಿಂದ ತಂಗಿ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ: "ಅಣ್ಣಾ, ಮಗಳ ಕಾಲೇಜು ಫೀಸಿಗೆ 40,000 ಬೇಕು. 20ನೇ ತಾರೀಕು ಕೊನೆಯ ದಿನ." ನೀವು "ನೋಡ್ತೇನೆ" ಎನ್ನುತ್ತೀರಿ. ನಿಮ್ಮ ಮನಸ್ಸಿನಲ್ಲಿ ಅದು ಹೆಚ್ಚುಕಡಿಮೆ "ಕಷ್ಟ" ಎಂದೇ. ಆದರೆ ಗಲ್ಫಿನಲ್ಲಿರುವ ಅಣ್ಣನ "ನೋಡ್ತೇನೆ" ಊರಿನಲ್ಲಿ "ಆಯಿತು" ಎಂದೇ ಕೇಳಿಸುತ್ತದೆ. ಆಕೆ ಬೇರೆ ಯಾರನ್ನೂ ಕೇಳುವುದಿಲ್ಲ. 19ರಂದು ನಿಮ್ಮ ಫೋನು ರಿಂಗಾದಾಗ ನೀವು ಎತ್ತುವುದಿಲ್ಲ.

ಅಲ್‌ಕಹ್ಫ್ ಅಧ್ಯಾಯದ 23 ಮತ್ತು 24ನೇ ಸೂಕ್ತಗಳು ಇನ್ಶಾ ಅಲ್ಲಾಹ್ ಎನ್ನಲು ಕಲಿಸುವುದು "ನಾಳೆ ಇದನ್ನು ಮಾಡುತ್ತೇನೆ" ಎಂಬ ಖಚಿತ ಮಾತಿನ ಜೊತೆಗೆ. ಮೊದಲು ಮಾತಿರಬೇಕು, ಆಮೇಲೆ ಅದನ್ನು ಅಲ್ಲಾಹನ ಇಚ್ಛೆಗೆ ಒಪ್ಪಿಸುವುದು. ಮಾತೇ ಇಲ್ಲದಿದ್ದರೆ ಒಪ್ಪಿಸುವುದು ಏನನ್ನು?

ಉತ್ತರ ಕಳಿಸುವ ಮೊದಲು ಒಮ್ಮೆ ತಂಗಿಯಾಗಿ ಓದಿ ನೋಡಿ. ನಾಳೆ ಬೆಳಿಗ್ಗೆ ಬೇರೆ ಕಡೆ ಸಾಲ ಕೇಳಬೇಕೋ ಬೇಡವೋ ಎಂದು ಅದರಿಂದ ಆಕೆಗೆ ತಿಳಿಯುತ್ತದೆಯೇ? ತಿಳಿಯದಿದ್ದರೆ ಅದು ಉತ್ತರವೇ ಅಲ್ಲ.

ಸಂಬಳದಿಂದ 25,000 ಖಂಡಿತ ಆಗುತ್ತದೆ, ಉಳಿದದ್ದು ಓವರ್‌ಟೈಮ್ ಹಣದ ಮೇಲಿದೆ ಎಂದಾದರೆ ಹೀಗೆ ಬರೆಯಿರಿ: "ತಂಗೀ, 10ನೇ ತಾರೀಕಿಗೆ 25,000 ಕಳಿಸ್ತೇನೆ, ಇನ್ಶಾ ಅಲ್ಲಾಹ್. ಉಳಿದ 15,000 ಓವರ್‌ಟೈಮ್ ಹಣ ಬಂದರೆ ಮಾತ್ರ. ಬಂತೋ ಇಲ್ಲವೋ, 12ರ ರಾತ್ರಿ ತರಾವೀಹ್ ಮುಗಿಸಿ ಹೇಳ್ತೇನೆ. ಬರದಿದ್ದರೆ ಅಷ್ಟು ನನ್ನಿಂದ ಆಗುವುದಿಲ್ಲ, ನೀನು ಬೇರೆ ದಾರಿ ನೋಡಬೇಕು."

ಷರತ್ತು ಎಂದರೆ ಇದು. "ಕೈಯಲ್ಲಿ ಹಣ ಉಳಿದರೆ" ಎಂಬುದು ಷರತ್ತಲ್ಲ, ಏಕೆಂದರೆ ಉಳಿಯಿತೋ ಇಲ್ಲವೋ ಎಂದು ಎಂದೂ ತೀರ್ಮಾನವಾಗುವುದಿಲ್ಲ. ಓವರ್‌ಟೈಮ್ ಹಣ ಬಂತೇ ಎಂಬುದು ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆ ದಿನವನ್ನೂ, ಬರದಿದ್ದರೆ ಏನು ಎಂಬುದನ್ನೂ ಬರೆದಾಗಲೇ ಷರತ್ತು ಪೂರ್ತಿ.

ಏನೂ ಆಗದು ಎಂದಾದರೆ? ಸಂಬಂಧಿಕರಿಗೆ ಅವರ ಹಕ್ಕು ಕೊಡಿ ಎಂದ ಅಲ್‌ಇಸ್ರಾ ಅಧ್ಯಾಯವೇ, ಕೊಡಲು ಕೈಯಲ್ಲಿಲ್ಲದಾಗ ಅವರೊಡನೆ ಮೃದುವಾಗಿ ಮಾತಾಡಿ ಎಂದು 28ನೇ ಸೂಕ್ತದಲ್ಲಿ ಕಲಿಸುತ್ತದೆ. ಮೃದು ಎಂದರೆ ಅಸ್ಪಷ್ಟ ಎಂದಲ್ಲ. "ತಂಗೀ, ಈ ಸಲ ನನ್ನಿಂದ ಆಗುವುದಿಲ್ಲ. ಬೇಸರ ಮಾಡಬೇಡ, ದುಆ ಮಾಡ್ತೇನೆ" ಎಂದರೆ ಸಾಕು. ರೂಮಿನ ಬಾಡಿಗೆ, ಇಖಾಮಾ ಖರ್ಚು ಎಂದು ಪಟ್ಟಿ ಕೊಡುತ್ತಾ ಹೋದರೆ, ಅದರಲ್ಲಿ ಒಂದು ಕಡಿಮೆಯಾದರೆ ಹಣ ಬಂದೀತು ಎಂದು ಆಕೆ ಮತ್ತೆ ಕಾಯುತ್ತಾಳೆ.

12ರ ರಾತ್ರಿ ಓವರ್‌ಟೈಮ್ ಹಣ ಬಂದಿಲ್ಲವೆಂದಾದರೂ ಆಕೆ ಕೇಳುವ ಮೊದಲೇ ಮೆಸೇಜ್ ಕಳಿಸಿ. ಕೊನೆಯ ದಿನಕ್ಕೆ ಆಕೆಗೆ ಇನ್ನೂ ಎಂಟು ದಿನ ಇರುತ್ತದೆ.