ಇಂಧನದ ಮುಳ್ಳನ್ನು ಓದುವ ಶಿಸ್ತು

ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲಿನಲ್ಲಿ ಇನ್ನೆಷ್ಟು ದೂರ ಹೋಗಬಹುದೆಂಬ ಪ್ರಶ್ನೆಗೆ ಬಹುತೇಕ ಚಾಲಕರು ಮುಳ್ಳಿನತ್ತ ಒಮ್ಮೆ ಕಣ್ಣು ಹಾಯಿಸಿ, ಮನಸ್ಸಿಗೆ ಹಿತವಾದ ಉತ್ತರವನ್ನೇ ಆರಿಸಿಕೊಳ್ಳುತ್ತಾರೆ. ಹೊರಡುವ ಮುನ್ನ ಮೊಬೈಲಿನಲ್ಲಿ ಆ ಮುಳ್ಳಿನ ಫೋಟೊ ತೆಗೆದು, ಟ್ಯಾಂಕಿನ ಅಳತೆ ಮತ್ತು ಇತ್ತೀಚಿನ ಮೈಲೇಜಿನೊಡನೆ ಅದನ್ನು ಲೆಕ್ಕಕ್ಕೆ ಹಚ್ಚುವ ಅಭ್ಯಾಸವು ಈ ಅವಸರದ ಊಹೆಗೆ ಕಡಿವಾಣ ಹಾಕುತ್ತದೆ. ಏಕೆಂದರೆ ಫೋಟೊದಲ್ಲಿ ದಾಖಲಾದದ್ದನ್ನು ಆಮೇಲೆ ನೆನಪು ತಿದ್ದಲಾರದು.

ಫೋಟೊ ತೆಗೆಯುವುದಕ್ಕೂ ಒಂದು ಕ್ರಮವಿದೆ. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಎಂಬ ಸಣ್ಣ ಬಿಲ್ಲೆಯೊಂದು ತೋಳಿನ ತುದಿಯಲ್ಲಿ ಏರಿಳಿಯುತ್ತ ವಿದ್ಯುತ್ ರೋಧವನ್ನು ಬದಲಿಸುತ್ತದೆ, ಮುಳ್ಳು ಅದನ್ನೇ ಅನುಸರಿಸುತ್ತದೆ. ಆದ್ದರಿಂದ ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಪೆಟ್ರೋಲು ಒಂದು ಬದಿಗೆ ಸರಿದು ಮುಳ್ಳು ತಪ್ಪು ತೋರಿಸುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೀಲಿ ತಿರುಗಿಸಿ, ಮುಳ್ಳು ನಿಧಾನವಾಗಿ ಏರಿ ನಿಲ್ಲುವವರೆಗೆ ಕಾದು, ಮೊಬೈಲನ್ನು ಮುಳ್ಳಿಗೆ ನೇರ ಎದುರಾಗಿ ಹಿಡಿಯಬೇಕು. ಮುಳ್ಳು ಫಲಕಕ್ಕೆ ಅಂಟಿಕೊಂಡಿರದೆ ಕೊಂಚ ಮೇಲೆ ನಿಂತಿರುವುದರಿಂದ ಪಕ್ಕದ ಸೀಟಿನಿಂದ ಓರೆಯಾಗಿ ತೆಗೆದ ಫೋಟೊದಲ್ಲಿ ಅದು ಬೇರೊಂದು ಗೆರೆಯ ಮೇಲಿರುವಂತೆ ಕಾಣುತ್ತದೆ. ಟ್ರಿಪ್ ಮೀಟರ್, ಎಂದರೆ ಸೊನ್ನೆಗೆ ತಿರುಗಿಸಿ ಬಿಟ್ಟಲ್ಲಿಂದ ಕ್ರಮಿಸಿದ ದೂರವನ್ನು ತೋರುವ ಅಂಕಿ, ಅದೇ ಫೋಟೊದಲ್ಲಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮೈಲೇಜನ್ನು ಕಂಪನಿಯ ಜಾಹೀರಾತಿನಿಂದ ತೆಗೆದುಕೊಳ್ಳಬಾರದು. ಬಂಕಿನಲ್ಲಿ ಪೈಪು ತಾನಾಗಿಯೇ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಮುಂದಿನ ಸಲವೂ ಹಾಗೆಯೇ ತುಂಬಿಸಿದಾಗ ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿದರೆ ಬರುವುದೇ ನಂಬಬಹುದಾದ ಅಂಕಿ. 412 ಕಿ.ಮೀ. ಓಡಿದ ಮೇಲೆ 25.75 ಲೀಟರ್ ಹಿಡಿಸಿದರೆ ಮೈಲೇಜು ಲೀಟರಿಗೆ 16 ಕಿ.ಮೀ. ಆಗುತ್ತದೆ.

ಇದೇ ಮೈಲೇಜಿನ, 37 ಲೀಟರ್ ಟ್ಯಾಂಕಿನ ಕಾರೊಂದು ಮಂಗಳೂರಿನಿಂದ ಶಿರಾಡಿ ಘಾಟಿಯ ಮೂಲಕ ಸುಮಾರು 170 ಕಿ.ಮೀ. ದೂರದ ಹಾಸನಕ್ಕೆ ಹೊರಟಿದೆಯೆಂದು ಭಾವಿಸಬಹುದು. ಫೋಟೊದಲ್ಲಿ ಖಾಲಿಯ ಗುರುತಾದ E ಯಿಂದ ಭರ್ತಿಯ ಗುರುತಾದ F ವರೆಗಿನ ಕಮಾನು 90 ಡಿಗ್ರಿಯಿದ್ದು, ಮುಳ್ಳು 40 ಡಿಗ್ರಿಯಲ್ಲಿ, ಅರ್ಧಕ್ಕಿಂತ ತುಸು ಕೆಳಗೆ ನಿಂತಿದೆ. ಟ್ಯಾಂಕಿನ ಒಂಬತ್ತರಲ್ಲಿ ನಾಲ್ಕು ಭಾಗವೆಂದರೆ 16.4 ಲೀಟರ್, ಅದನ್ನು 16ರಿಂದ ಗುಣಿಸಿದರೆ 262 ಕಿ.ಮೀ. ಬರುತ್ತದೆ, ಹಾಸನ ಮುಟ್ಟಿ ಇನ್ನೂ ಧಾರಾಳವಾಗಿ ಉಳಿಯುತ್ತದೆ ಎನಿಸುತ್ತದೆ.

ಆದರೆ ಈ 262ರೊಳಗೆ ಮೂರು ಸಡಿಲ ಭರವಸೆಗಳು ಸೇರಿಕೊಂಡಿವೆ. ಸೀಟು, ಆಕ್ಸಲ್‌ಗಳಿಗೆ ಜಾಗ ಬಿಟ್ಟು ರೂಪಿಸಿದ ಟ್ಯಾಂಕಿನ ಆಕಾರ ವಕ್ರವಾಗಿರುವುದರಿಂದ ಮುಳ್ಳಿನ ಸಮ ಚಲನೆ ಸಮ ಲೀಟರುಗಳನ್ನೇ ಸೂಚಿಸುತ್ತದೆಂದು ಹೇಳಲಾಗದು. ಹೀಗಾಗಿ ಹದಿನಾರನೆಯ ಒಂದು ಭಾಗ, ಎಂದರೆ 2.3 ಲೀಟರ್, ಆಚೀಚೆ ಆಗಬಹುದೆಂದು ಬಗೆದು ಕೆಳಗಿನ ಅಂಚಾದ 14 ಲೀಟರನ್ನು ಹಿಡಿಯುವುದು ವಿವೇಕ. ಅದರಲ್ಲಿ 5 ಲೀಟರನ್ನು ಮುಟ್ಟದೆ ಬಿಡಬೇಕು, ಏಕೆಂದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ತಂಪಾಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ. ಇನ್ನು 16 ಎಂಬುದು ಬಯಲು ರಸ್ತೆಯ ಮೈಲೇಜು. ಕರಾವಳಿಯಿಂದ ಸಕಲೇಶಪುರದತ್ತ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರುವ ಗಾಡಿಗೆ 13ನ್ನು ಹಿಡಿಯುವುದೇ ಕ್ಷೇಮ. ಉಳಿದ 9 ಲೀಟರನ್ನು 13ರಿಂದ ಗುಣಿಸಿದರೆ 117 ಕಿ.ಮೀ. ಮಾತ್ರ ದೊರೆಯುತ್ತದೆ. 262 ಮತ್ತು 117ರ ನಡುವಿನ ಈ ಅಂತರವನ್ನು ಕಂಡವರು ಘಾಟಿ ಹತ್ತುವ ಮೊದಲೇ, ಉಪ್ಪಿನಂಗಡಿಯ ಸುತ್ತಮುತ್ತ, ಬಂಕಿಗೆ ಗಾಡಿ ತಿರುಗಿಸುತ್ತಾರೆ.

ಆದರೆ ಅಭ್ಯಾಸದ ಹೆಚ್ಚು ಬೆಲೆಯುಳ್ಳ ಭಾಗ ಆ ಬಂಕಿನಲ್ಲಿದೆ. ಅಲ್ಲಿ ಪೂರ್ತಿ ತುಂಬಿಸಿದಾಗ 25.4 ಲೀಟರ್ ಹಿಡಿಸಿತೆಂದರೆ ಟ್ಯಾಂಕಿನಲ್ಲಿ ಸುಮಾರು 11.6 ಲೀಟರ್ ಉಳಿದಿತ್ತೆಂದು ತಿಳಿಯುತ್ತದೆ. ಮಂಗಳೂರಿನಿಂದ ಓಡಿದ 53 ಕಿ.ಮೀ.ಗೆ 16ರ ಮೈಲೇಜಿನಲ್ಲಿ ಖರ್ಚಾದ 3.3 ಲೀಟರನ್ನು ಅದಕ್ಕೆ ಕೂಡಿಸಿದರೆ, ಫೋಟೊ ತೆಗೆದ ಹೊತ್ತಿಗೆ ಇದ್ದದ್ದು 14.9 ಲೀಟರೇ ಹೊರತು 16.4 ಅಲ್ಲ. ಈ ಗಾಡಿಯ ಮುಳ್ಳು ಅರ್ಧದ ಆಸುಪಾಸಿನಲ್ಲಿ ಒಂದೂವರೆ ಲೀಟರಿನಷ್ಟು ಹೆಚ್ಚಾಗಿ ತೋರುತ್ತದೆಂಬುದಕ್ಕೆ ಇದು ಮೊದಲ ಸುಳಿವು. ಒಂದೇ ಸಲದ ಲೆಕ್ಕದಿಂದ ತೀರ್ಮಾನಕ್ಕೆ ಬರಬಾರದು, ಪೈಪು ನಿಲ್ಲುವ ಮಟ್ಟ ಬಂಕಿನಿಂದ ಬಂಕಿಗೆ ಬದಲಾಗುತ್ತದೆ. ಆದರೆ ಅಂದಾಜನ್ನು ತುಂಬಿಸುವ ಮೊದಲೇ ಬರೆದಿಟ್ಟು, ಫೋಟೊವನ್ನೂ ಬಂಕಿನ ಬಿಲ್ಲನ್ನೂ ಜೊತೆಗಿರಿಸಿಕೊಂಡು ಹೋಲಿಸಿದವರಿಗೆ ನಾಲ್ಕೈದು ಸಲದಲ್ಲೇ ತಮ್ಮ ಗಾಡಿಯ ಮುಳ್ಳು ಮುಕ್ಕಾಲಿನಲ್ಲಿ, ಅರ್ಧದಲ್ಲಿ, ಕಾಲಿನಲ್ಲಿ ಎಷ್ಟೆಷ್ಟು ತಪ್ಪುತ್ತದೆಂಬುದರ ಸಣ್ಣದೊಂದು ಪಟ್ಟಿ ಕೈಗೆ ಬರುತ್ತದೆ, ಮತ್ತು ಮುಂದಿನ ಫೋಟೊದಲ್ಲಿ ಮುಳ್ಳು ಅದೇ 40 ಡಿಗ್ರಿಯಲ್ಲಿ ನಿಂತಾಗ ಲೆಕ್ಕ 16.4ರ ಬದಲು 15ರಿಂದಲೇ ಆರಂಭವಾಗುತ್ತದೆ.